ರಾತ್ರಿ ಎರಡು ಗಂಟೆಯ ಪಾಳಿ: ಮಗು ಬಂದ ಮೇಲೆ ಗಂಡ-ಹೆಂಡತಿ

ಎಲ್ಲರಿಗೂ ನಮಸ್ಕಾರ. ಮಗುವನ್ನು ಎತ್ತಿಕೊಂಡೇ ಬಂದವರು ಕೆಲವರಿದ್ದೀರಿ. ಮಗು ಅತ್ತರೆ ಎದ್ದು ಓಡಾಡಿ, ಹಾಲು ಕುಡಿಸಿ, ಮಧ್ಯದಲ್ಲಿ ಎದ್ದು ಹೋಗಿ. ಏನೂ ಸಂಕೋಚ ಬೇಡ.

ಹೊಸದಾಗಿ ಅಪ್ಪ-ಅಮ್ಮ ಆದವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಬಹಳಷ್ಟು ಜನ ಬಂದು ಕೇಳುವುದು ಒಂದೇ ಮಾತು: "ನಾವಿಬ್ಬರೂ ಮೊದಲು ಹೀಗಿರಲಿಲ್ಲ. ಏನಾಯ್ತು ನಮಗೆ?" ಅವರು ಪ್ರೀತಿಯ ಬಗ್ಗೆ ಕೇಳುತ್ತಾರೆ. ನಾನು ನಿದ್ದೆಯ ಬಗ್ಗೆ ಕೇಳುತ್ತೇನೆ. ಅವರಿಗೆ ಸ್ವಲ್ಪ ಬೇಜಾರಾಗುತ್ತದೆ, ದೊಡ್ಡ ನೋವು ಹೇಳಿಕೊಂಡರೆ ಇವರು ಎಷ್ಟು ಗಂಟೆಗೆ ಮಲಗ್ತೀರಿ ಅಂತ ಕೇಳುತ್ತಿದ್ದಾರಲ್ಲ ಅಂತ. ಆದರೆ ಜಗಳ ಹುಟ್ಟುವ ಜಾಗ ಹೆಚ್ಚಾಗಿ ಅಲ್ಲೇ ಇರುತ್ತದೆ. ಅದಕ್ಕೇ ಇವತ್ತು ರಾತ್ರಿಯ ಬಗ್ಗೆ ಮಾತ್ರ ಮಾತಾಡುತ್ತೇನೆ. ರಾತ್ರಿಯನ್ನು ಇಬ್ಬರು ಹೇಗೆ ಹಂಚಿಕೊಳ್ಳುತ್ತಾರೆ ಅನ್ನುವುದರಲ್ಲಿ ಹಗಲಿನ ಸಂಬಂಧದ ಅರ್ಧ ಕಥೆ ಇದೆ.

ಒಂದು ಜೋಡಿಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಮಗುವಿಗೆ ಏಳು ವಾರ. ಅವಳು ರಜೆಯಲ್ಲಿದ್ದಳು, ಅವನು ಕೆಲಸಕ್ಕೆ ಹೋಗುತ್ತಿದ್ದ. ರಾತ್ರಿ ಎರಡೂಕಾಲು. ಮಗು ಮೊದಲು ಮಿಸುಕಾಡುತ್ತದೆ, ಆಮೇಲೆ ಸಣ್ಣಗೆ ಕೊಸರಾಡುತ್ತದೆ, ಆಮೇಲೆ ಅಳು. ಹಾಸಿಗೆಯಲ್ಲಿ ಇಬ್ಬರಿಗೂ ಎಚ್ಚರ. ಇಬ್ಬರೂ ಕಣ್ಣು ಬಿಡುವುದಿಲ್ಲ. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಾಳೆ: ಹನ್ನೊಂದಕ್ಕೆ ಎದ್ದವಳು ನಾನು, ಹನ್ನೆರಡೂ ಮುಕ್ಕಾಲಿಗೂ ನಾನೇ. ಅವನೂ ಎಣಿಸುತ್ತಿದ್ದಾನೆ: ಸಂಜೆ ಆರರಿಂದ ಒಂಬತ್ತರವರೆಗೆ ಎತ್ತಿಕೊಂಡು ಓಡಾಡಿದ್ದು ನಾನು, ಬೆಳಗ್ಗೆ ಏಳಕ್ಕೆ ಏಳಬೇಕಾದವನೂ ನಾನೇ. ಕೊನೆಗೆ ಅವಳು ಎದ್ದಳು, ಹೊದಿಕೆಯನ್ನು ಸ್ವಲ್ಪ ಜೋರಾಗಿಯೇ ಎಳೆದು. ಅವನು ಹೇಳಿದ, "ಹೇಳಿದ್ರೆ ನಾನು ಏಳ್ತಿದ್ದೆ." ಅವಳು ಹೇಳಿದಳು, "ಅದನ್ನೂ ನಾನೇ ಹೇಳ್ಬೇಕಾ?"

ಇಷ್ಟೇ. ಮುಂದಿನ ಎರಡು ದಿನ ಮಾತಿಲ್ಲ. ಕೆಲವರು ನಗುತ್ತಿದ್ದೀರಿ, ಅಂದರೆ ಈ ಮಾತು ನಿಮ್ಮ ಮನೆಯಲ್ಲೂ ಕೇಳಿದೆ ಅಂತ ಆಯ್ತು.

ಮೊದಲು ಮಗುವಿನ ಕಡೆಯಿಂದ ನೋಡೋಣ. ಹುಟ್ಟಿದ ಮಗು ದಿನಕ್ಕೆ ಸುಮಾರು 14ರಿಂದ 17 ಗಂಟೆ ನಿದ್ದೆ ಮಾಡುತ್ತದೆ. ಕೇಳಲು ಬೇಕಾದಷ್ಟಾಯಿತು. ಆದರೆ ಅದು ಬರುವುದು ಚೂರು ಚೂರಾಗಿ. ಹೊಟ್ಟೆ ಚಿಕ್ಕದು, ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಬೇಕು. ಹಗಲು-ರಾತ್ರಿಯ ವ್ಯತ್ಯಾಸ ಅದರ ಮೈಗೆ ಇನ್ನೂ ಗೊತ್ತಿಲ್ಲ. ಅಳುವಂತೂ ಮೊದಲ ವಾರಗಳಲ್ಲಿ ಏರುತ್ತಾ ಹೋಗಿ, ಹೆಚ್ಚಿನ ಮಕ್ಕಳಲ್ಲಿ ಆರನೇ ವಾರದ ಆಸುಪಾಸಿನಲ್ಲಿ ತುತ್ತತುದಿ ಮುಟ್ಟುತ್ತದೆ. ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಈ ಜೋಡಿ ಬಂದದ್ದು ಏಳನೇ ವಾರದಲ್ಲಿ ಅನ್ನುವುದು ಆಕಸ್ಮಿಕ ಅಲ್ಲ. ಮಗುವಿನ ಅಳು ತುದಿ ಮುಟ್ಟುವ ಹೊತ್ತಿಗೇ ದೊಡ್ಡವರ ಶಕ್ತಿ ತಳ ಮುಟ್ಟಿರುತ್ತದೆ.

ಈಗ ದೊಡ್ಡವರ ಕಡೆ. ನಮ್ಮ ನಿದ್ದೆಯ ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ ಬೇಕು. ಪ್ರತಿ ಸುತ್ತು ಅರ್ಧಕ್ಕೆ ಮುರಿದರೆ, ಒಟ್ಟು ಏಳು ಗಂಟೆ ಹಾಸಿಗೆಯಲ್ಲಿ ಇದ್ದರೂ ಏಳು ಗಂಟೆ ಮಲಗಿದ ಹಾಗಾಗುವುದಿಲ್ಲ. ಆಗ ಸಿಟ್ಟು ಬೇಗ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಎದುರಿನವರ ಮನಸ್ಸನ್ನು ಓದುವ ಶಕ್ತಿ ಕಡಿಮೆಯಾಗುತ್ತದೆ. ಏಮಿ ಗಾರ್ಡನ್ ಮತ್ತು ಸೆರೀನಾ ಚೆನ್ ಅನ್ನುವ ಇಬ್ಬರು ಸಂಶೋಧಕಿಯರು ಜೋಡಿಗಳ ನಿದ್ದೆ ಮತ್ತು ಜಗಳ ಎರಡನ್ನೂ ಒಟ್ಟಿಗೆ ಗಮನಿಸಿದರು. ನಿದ್ದೆ ಕೆಟ್ಟ ರಾತ್ರಿಯ ಮಾರನೇ ದಿನ ಜಗಳ ಜಾಸ್ತಿ. ಇಬ್ಬರಲ್ಲಿ ಒಬ್ಬರ ನಿದ್ದೆ ಕೆಟ್ಟಿದ್ದರೂ ಸಾಕು, ಜಗಳ ಬಗೆಹರಿಯುವುದು ಕಷ್ಟ. "ಹಾಲು ಕುಡಿಸಿದ್ಯಾ?" ಅನ್ನುವುದು ಬರೀ ಪ್ರಶ್ನೆ. ನಿದ್ದೆ ಕೆಟ್ಟ ಕಿವಿಗೆ ಅದು "ಇನ್ನೂ ಕುಡಿಸಿಲ್ವಾ?" ಅಂತ ಕೇಳಿಸುತ್ತದೆ.

ಹಾಗಾಗಿ ನಾನು ಆ ಜೋಡಿಗೆ ಸಂಬಂಧದ ಬಗ್ಗೆ ಏನೂ ಹೇಳಲಿಲ್ಲ. ಮೂರು ರಾತ್ರಿ ಒಂದು ಹಾಳೆಯಲ್ಲಿ ಬರೆದಿಡಿ ಅಂದೆ. ಯಾರು ಎದ್ದರು ಅಂತ ಅಲ್ಲ. ಅದನ್ನು ಅವರು ಆಗಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದರು. ಒಬ್ಬೊಬ್ಬರಿಗೆ ಒಂದೇ ಸಮನೆ ಎಷ್ಟು ಹೊತ್ತು ನಿದ್ದೆ ಸಿಕ್ಕಿತು, ಅದನ್ನು ಮಾತ್ರ ಬರೆಯಿರಿ ಅಂದೆ. ಮೂರು ರಾತ್ರಿಯಲ್ಲಿ ಅವಳಿಗೆ ಸಿಕ್ಕ ಅತಿ ಉದ್ದದ ನಿದ್ದೆ ಒಂದು ಗಂಟೆ ನಲವತ್ತು ನಿಮಿಷ. ಅವನಿಗೆ ಎರಡೂವರೆ ಗಂಟೆ. ಅವನು ಚೆನ್ನಾಗಿ ಮಲಗುತ್ತಾನೆ ಅಂತ ಅವಳು ತಿಳಿದಿದ್ದಳು. ಅವನಿಗೆ ಪ್ರತಿ ಸಲ ಎಚ್ಚರವಾಗುತ್ತಿತ್ತು. ಏಳುತ್ತಿರಲಿಲ್ಲ, ಆದರೆ ಮಲಗಿಯೂ ಇರುತ್ತಿರಲಿಲ್ಲ. ಅಂದರೆ ಒಂದು ಮಗುವಿಗೆ ಇಬ್ಬರೂ ರಾತ್ರಿಯಿಡೀ ಎಚ್ಚರ. ಕೆಲಸ ಒಬ್ಬರದು, ನಿದ್ದೆಗೇಡು ಇಬ್ಬರದು.

ಆ ಹಾಳೆ ನೋಡಿ ಅವಳು ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಅವನ ಕಡೆ ತಿರುಗಿ, "ನಿನಗೂ ನಿದ್ದೆ ಇಲ್ವಾ?" ಅಂದಳು. ವಾರದಲ್ಲಿ ಅವಳು ಅವನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಇದಕ್ಕೆ ನಾವು ಮಾಡಿಕೊಂಡ ಉಪಾಯ ಪಾಳಿ. ಇಬ್ಬರೂ ಅರ್ಧರ್ಧ ಎಚ್ಚರವಾಗಿರುವ ಬದಲು, ಒಬ್ಬರು ಪೂರ್ತಿ ಎಚ್ಚರ, ಇನ್ನೊಬ್ಬರು ಪೂರ್ತಿ ನಿದ್ದೆ. ಗುರಿ ಒಂದೇ: ಒಬ್ಬೊಬ್ಬರಿಗೂ ನಾಲ್ಕು ಗಂಟೆಯಷ್ಟು ಮುರಿಯದ ನಿದ್ದೆ. ಎಂಟು ಗಂಟೆಯ ಆಸೆ ಈ ತಿಂಗಳುಗಳಲ್ಲಿ ಬೇಡ. ಅವರು ರಾತ್ರಿಯನ್ನು ಒಂದೂವರೆಗೆ ಕತ್ತರಿಸಿದರು. ಒಂಬತ್ತಕ್ಕೆ ಅವಳು ಹಾಲು ಕುಡಿಸಿ ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಬೇಕು. ಒಂದೂವರೆಯವರೆಗೆ ಮಗು ಅವನದು. ಒಂದೂವರೆಯಿಂದ ಆರೂವರೆಯವರೆಗೆ ಅವಳದು, ಆಗ ಅವನು ಆ ಕೋಣೆಗೆ. ಬೇರೆ ಕೋಣೆ ಇಲ್ಲದಿದ್ದರೆ ಕಿವಿಗೆ ಇಯರ್‌ಪ್ಲಗ್, ಕೋಣೆಯ ಇನ್ನೊಂದು ಮೂಲೆಯಲ್ಲಿ ಹಾಸಿಗೆ. ಪೂರ್ತಿ ಸರಿಹೋಗುವುದಿಲ್ಲ, ಆದರೆ "ಈಗ ನನ್ನ ಸರದಿ ಅಲ್ಲ" ಅಂತ ಗೊತ್ತಿದ್ದರೆ ಮೈ ಅರ್ಧ ಸಡಿಲವಾಗುತ್ತದೆ.

ಎದೆಹಾಲು ಕುಡಿಸುವವರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮೊದಲ ಮೂರು-ನಾಲ್ಕು ವಾರ ಹಾಲು ಇನ್ನೂ ಹೊಂದಿಕೊಳ್ಳುತ್ತಿರುತ್ತದೆ. ಮಗು ಎಷ್ಟು ಎಳೆಯುತ್ತದೋ ಅಷ್ಟು ಬರುತ್ತದೆ. ಆಗ ರಾತ್ರಿಯ ಹಾಲು ತಪ್ಪಿಸಿ ಉದ್ದಕ್ಕೆ ಮಲಗಿದರೆ ಎದೆಯಲ್ಲಿ ಹಾಲು ಕಟ್ಟಿಕೊಂಡು ನೋವಾಗಬಹುದು, ಹಾಲು ಕಡಿಮೆಯೂ ಆಗಬಹುದು. ಮಗುವಿನ ತೂಕ ಸರಿಯಾಗಿ ಏರದಿದ್ದರೂ ಈ ಅಂತರ ಬೇಡ. ಆ ವಾರಗಳಲ್ಲಿ ಪಾಳಿಯ ರೂಪ ಬೇರೆ: ಮಗುವನ್ನು ಎತ್ತಿಕೊಂಡು ಬಂದು ಅವಳ ಪಕ್ಕ ಕೊಡುವುದು ಅವನ ಕೆಲಸ. ಕುಡಿದಾದ ಮೇಲೆ ತೆಗೆದುಕೊಂಡು ಹೋಗಿ ತೇಗು ಬರಿಸುವುದು, ಡೈಪರ್ ಬದಲಾಯಿಸುವುದು, ಮಲಗಿಸುವುದು ಎಲ್ಲಾ ಅವನದೇ. ಹಾಲು ಕುಡಿಸುವುದಕ್ಕೆ ಇಪ್ಪತ್ತು ನಿಮಿಷವಾದರೆ ಅದರ ಹಿಂದೆ-ಮುಂದಿನ ಕೆಲಸಕ್ಕೆ ನಲವತ್ತು ನಿಮಿಷ ಹೋಗುತ್ತದೆ. ಆ ನಲವತ್ತನ್ನು ಕೊಡುವುದು ಅವನ ಕೈಯಲ್ಲಿದೆ. "ನನ್ನ ಹತ್ತಿರ ಹಾಲಿಲ್ಲವಲ್ಲ, ನಾನೇನು ಮಾಡಲಿ" ಅನ್ನುವವರಿಗೆ ನಾನು ಈ ಲೆಕ್ಕ ಹೇಳುತ್ತೇನೆ.

ಈ ಜೋಡಿಯ ಮಗುವಿಗೆ ಏಳು ವಾರ, ತೂಕ ಚೆನ್ನಾಗಿತ್ತು. ಅವಳು ಹಗಲು ಹಾಲು ಹಿಂಡಿಟ್ಟು, ಹನ್ನೊಂದೂವರೆಗೆ ಅವನು ಬಾಟಲಿಯಲ್ಲಿ ಕೊಡುವುದು ಅಂತ ಮಾತಾಯಿತು. ಮೊದಲ ರಾತ್ರಿ ಕೆಟ್ಟಿತು. ಮಗು ಬಾಟಲಿ ಬಾಯಿಗೆ ಮುಟ್ಟಿಸಗೊಡಲಿಲ್ಲ. ಇಪ್ಪತ್ತು ನಿಮಿಷ ಅತ್ತಿತು. ಅವಳು ಬಾಗಿಲು ತೆಗೆದು ಬಂದು, "ಕೊಡು ಇಲ್ಲಿ" ಅಂದಳು. ಮಗು ಎರಡು ನಿಮಿಷದಲ್ಲಿ ಸುಮ್ಮನಾಯಿತು. ಅವನ ಮುಖ ಸಣ್ಣದಾಯಿತು. ಎರಡನೇ ರಾತ್ರಿಯೂ ಅದೇ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ತುಂಬಾ ಮನೆಗಳಲ್ಲಿ ದಾರಿ ಕವಲೊಡೆಯುವುದು ಈ "ಕೊಡು ಇಲ್ಲಿ"ಯಲ್ಲಿ. ಅಮ್ಮನಿಗೆ ಮಗು ಅಳುವುದನ್ನು ಕೇಳಿಕೊಂಡು ಇರಲು ಆಗುವುದಿಲ್ಲ. ಅದು ಅಹಂಕಾರ ಅಲ್ಲ, ಮೈಯೇ ಎಬ್ಬಿಸುತ್ತದೆ. ಆದರೆ ಹತ್ತು ಸಲ "ಕೊಡು ಇಲ್ಲಿ", "ಹಾಗಲ್ಲ ಹಿಡ್ಕೊಳ್ಳೋದು", "ಡೈಪರ್ ಹಿಂದೆ-ಮುಂದೆ ಹಾಕಿದ್ದೀಯ" ಅಂತ ಕೇಳಿದವನು ಹನ್ನೊಂದನೇ ಸಲ ಮುಂದೆ ಬರುವುದಿಲ್ಲ. ಬರದಿದ್ದರೆ ಅವನ ಕೈ ಪಳಗುವುದಿಲ್ಲ. ಕೈ ಪಳಗದಿದ್ದರೆ ಮಗು ಅವನ ಹತ್ತಿರ ಸುಮ್ಮನಾಗುವುದಿಲ್ಲ. ಆರು ತಿಂಗಳ ನಂತರ ಅವಳು ಹೇಳುತ್ತಾಳೆ, "ಎಲ್ಲಾ ನಾನೇ ಮಾಡ್ತೀನಿ." ಅವನು ಹೇಳುತ್ತಾನೆ, "ನನಗೆ ಮಾಡೋಕೆ ಬಿಡ್ಲೇ ಇಲ್ಲ." ಇಬ್ಬರೂ ಹೇಳುವುದು ನಿಜ.

ನಾನು ಹೇಳುವ ಗೆರೆ ಇಷ್ಟು: ಅಪಾಯ ಇದ್ದರೆ ಬಾಯಿ ಬಿಡಿ. ಮಗುವನ್ನು ಬೋರಲು ಮಲಗಿಸಿದರೆ, ಕತ್ತಿನ ಕೆಳಗೆ ಕೈ ಇಲ್ಲದೆ ಎತ್ತಿದರೆ, ಸೋಫಾದ ಮೇಲೆ ಮಗುವನ್ನು ಎದೆಗೊರಗಿಸಿಕೊಂಡು ತೂಕಡಿಸುತ್ತಿದ್ದರೆ ಆ ಕ್ಷಣವೇ ಹೇಳಬೇಕು. ಸೋಫಾದ ಮೇಲೆ ಮಗುವಿನ ಜೊತೆ ನಿದ್ದೆ ಹೋಗುವುದು ನಿಜಕ್ಕೂ ಅಪಾಯ, ಉಸಿರುಗಟ್ಟಬಹುದು. ಕಣ್ಣು ಎಳೆಯುತ್ತಿದ್ದರೆ ಮಗುವನ್ನು ಅದರ ಹಾಸಿಗೆಗೆ ಅಂಗಾತ ಹಾಕಿ, ಇನ್ನೊಬ್ಬರನ್ನು ಎಬ್ಬಿಸಿ. ಆದರೆ ಅಪಾಯ ಇಲ್ಲ, ಬರೀ "ನನ್ನ ಥರ ಇಲ್ಲ" ಅಂತಾದರೆ ಕೋಣೆಯಿಂದ ಆಚೆ ಹೋಗಿ. ಅಲ್ಲೇ ನಿಂತು ಸುಮ್ಮನಿರುವುದು ಆಗದ ಮಾತು.

ಮೂರನೇ ರಾತ್ರಿ ಅವರು ಸ್ವಲ್ಪ ತಿದ್ದಿಕೊಂಡರು. ಹನ್ನೊಂದೂವರೆಗೆ ಬಾಟಲಿ ಬದಲು ಅವನೇ ಮಗುವನ್ನು ಅವಳ ಹತ್ತಿರ ತಂದ. ದೀಪ ಹಾಕಲಿಲ್ಲ, ಮಾತಾಡಲಿಲ್ಲ. ಅವಳು ಹಾಲು ಕುಡಿಸುವಷ್ಟು ಹೊತ್ತೂ ಪಕ್ಕದಲ್ಲಿ ಕೂತಿದ್ದು, ಆಮೇಲೆ ಎತ್ತಿಕೊಂಡು ಹೋದ. ಅವಳಿಗೆ ಎರಡೆರಡು ಗಂಟೆಯ ಎರಡು ತುಂಡು ಸಿಕ್ಕಿತು. ಬಾಟಲಿಯ ಅಭ್ಯಾಸವನ್ನು ಹಗಲಿಗೆ ಹಾಕಿಕೊಂಡರು. ಸಂಜೆ, ಮಗು ತೀರಾ ಹಸಿಯುವ ಮುಂಚೆ, ಅವಳು ಮನೆಯಿಂದ ಹೊರಗೆ ಹೋದಾಗ. ಐದಾರು ದಿನದಲ್ಲಿ ಮಗು ಒಪ್ಪಿತು. ಎಲ್ಲಾ ಮಕ್ಕಳೂ ಒಪ್ಪುವುದಿಲ್ಲ. ಒಪ್ಪದಿದ್ದರೆ ಎರಡೆರಡು ಗಂಟೆಯ ತುಂಡುಗಳಲ್ಲೇ ನಡೆಸಬೇಕು. ಅದೂ ಒಂದು ಗಂಟೆ ನಲವತ್ತಕ್ಕಿಂತ ಮೇಲೇ ಅಲ್ವಾ?

ಈಗ ಪಾಳಿ ಬದಲಾಗುವ ಹೊತ್ತಿಗೆ ಬರೋಣ. ಇವತ್ತು ನನಗೆ ಹೇಳಬೇಕೆನಿಸಿದ ಮುಖ್ಯ ವಿಷಯ ಇರುವುದು ಇಲ್ಲಿ. ನರ್ಸ್‌ಗಳು ಪಾಳಿ ಬದಲಾಯಿಸುವಾಗ ರೋಗಿಯ ವಿಷಯ ಒಪ್ಪಿಸಿ ಹೋಗುತ್ತಾರೆ. ಬಂದವರು ಮೊದಲಿಂದ ಕೇಳಿ ತಿಳಿಯಬೇಕಾಗಿಲ್ಲ. ಮನೆಯಲ್ಲೂ ಹಾಗೆ ಮಾಡಿ. ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್. ಎಷ್ಟು ಗಂಟೆಗೆ ಕುಡಿಯಿತು, ಯಾವ ಕಡೆ ಅಥವಾ ಎಷ್ಟು ಹಾಲು. ಡೈಪರ್ ಯಾವಾಗ ಬದಲಾಯಿಸಿದ್ದು. ಔಷಧಿ ಇದ್ದರೆ ಕೊಟ್ಟಾಯಿತೋ ಇಲ್ಲವೋ. ಇದನ್ನು ಬರೆದಿಡದಿದ್ದರೆ ಒಂದೂವರೆಗೆ ಎದ್ದವರು ಪ್ರಶ್ನೆ ಕೇಳಬೇಕು. ಆ ಹೊತ್ತಿನಲ್ಲಿ ಪ್ರಶ್ನೆ ಅಂದರೆ ವಿಚಾರಣೆ. ಔಷಧಿಯ ವಿಷಯದಲ್ಲಂತೂ ಇಬ್ಬರೂ ಕೊಟ್ಟು ಎರಡು ಸಲ ಆಗುವ ಅಪಾಯವೂ ಇದೆ.

ಆಮೇಲೆ ಕೊನೆಗೊಂದು ಸಾಲು, ಮಗುವಿಗೆ ಸಂಬಂಧವಿಲ್ಲದ್ದು. ಇದು ನಾನು ಸೇರಿಸಿದ್ದು, ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಯಾಕೆ ಅಂತ ಹೇಳುತ್ತೇನೆ.

2000ನೇ ಇಸವಿಯಲ್ಲಿ ಆಲಿಸನ್ ಶಪೀರೊ, ಜಾನ್ ಗಾಟ್‌ಮನ್ ಮತ್ತು ಸಿಬಿಲ್ ಕರೇರ್ ಒಂದು ಅಧ್ಯಯನ ಪ್ರಕಟಿಸಿದರು. ಹೊಸದಾಗಿ ಮದುವೆಯಾದ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದು. ಅವರಲ್ಲಿ ತಾಯಂದಿರಾದ ಹೆಂಗಸರಲ್ಲಿ ಶೇಕಡಾ 67ರಷ್ಟು ಮಂದಿಗೆ ದಾಂಪತ್ಯದ ಬಗ್ಗೆ ಇದ್ದ ಸಮಾಧಾನ ಇಳಿಯಿತು. ಜನ ಈ ಅಂಕಿಯನ್ನು ಹೇಳಿ ಹೆದರಿಸುತ್ತಾರೆ. ನನಗೆ ಕುತೂಹಲ ಉಳಿದ 33ರ ಬಗ್ಗೆ. ಅವರಿಗೆ ಇಳಿಯಲಿಲ್ಲ, ಕೆಲವರಿಗೆ ಏರಿತು. ಈ ಎರಡು ಗುಂಪಿನ ನಡುವೆ ಇದ್ದ ವ್ಯತ್ಯಾಸಗಳಲ್ಲಿ ಎರಡು ನನ್ನ ಮನಸ್ಸಿನಲ್ಲಿ ಉಳಿದಿವೆ. ಒಂದು, ಗಂಡ ತನ್ನ ಹೆಂಡತಿಯ ಬಗ್ಗೆ ಅಕ್ಕರೆಯನ್ನು ಬಾಯಿಬಿಟ್ಟು ತೋರಿಸುತ್ತಿದ್ದನೇ. ಎರಡು, ಅವಳ ದಿನದಲ್ಲಿ ಏನು ನಡೆಯುತ್ತಿದೆ, ಅವಳ ತಲೆಯಲ್ಲಿ ಏನು ಓಡುತ್ತಿದೆ ಅನ್ನುವುದು ಅವನ ಗಮನದಲ್ಲಿ ಇತ್ತೇ.

ಗಮನ. ಮಗು ಬಂದ ಮೇಲೆ ಮೊದಲು ಕಾಣೆಯಾಗುವುದೇ ಅದು. ಮನೆಯಲ್ಲಿ ಮಾತು ನಿಂತಿರುವುದಿಲ್ಲ, ಬೇಕಾದಷ್ಟು ಇರುತ್ತದೆ. ಹಾಲು, ಡೈಪರ್, ಲಸಿಕೆ, ಜ್ವರ. ನಿಂತಿರುವುದು ಒಬ್ಬರು ಇನ್ನೊಬ್ಬರ ಬಗ್ಗೆ ಕೇಳುವುದು. ಅದಕ್ಕೇ ಆ ಕೊನೆಯ ಸಾಲು. ಬರೆಯುವುದಕ್ಕೆ ಅರ್ಧ ನಿಮಿಷ. ಆದರೆ ಬರೆಯಬೇಕಾದರೆ ಇನ್ನೊಬ್ಬರ ಬಗ್ಗೆ ಯೋಚಿಸಲೇಬೇಕು.

ಹಗಲಿನಲ್ಲಿ ಇದಕ್ಕೆ ಜೊತೆಯಾಗಿ ಹತ್ತು ನಿಮಿಷ. ಊಟವಾದ ಮೇಲೆಯೋ, ಮಗು ಮೊದಲ ನಿದ್ದೆಗೆ ಜಾರಿದಾಗಲೋ. ಒಬ್ಬರು ಐದು ನಿಮಿಷ ಹೇಳುವುದು, ಇನ್ನೊಬ್ಬರು ಕೇಳುವುದು, ಆಮೇಲೆ ತಿರುವು ಮುರುವು. ಪರಿಹಾರ ಹೇಳಬಾರದು. "ಹಾಗಾದ್ರೆ ನೀನು ಹೀಗೆ ಮಾಡು" ಅಂದ ತಕ್ಷಣ ಕೇಳುವುದು ನಿಂತು ಹೋಗುತ್ತದೆ. ಮೊದಲ ದಿನ ಈ ಜೋಡಿಯಲ್ಲಿ ಅವಳು ಹೇಳಿದ್ದು: "ಸ್ನಾನ ಮಾಡುವಾಗಲೂ ಮಗು ಅಳ್ತಿದೆ ಅಂತ ಕೇಳಿಸುತ್ತೆ. ನಲ್ಲಿ ನಿಲ್ಲಿಸಿ ನೋಡಿದ್ರೆ ಅತ್ತಿರಲ್ಲ." ಅವನಿಗೆ ಅದು ಗೊತ್ತೇ ಇರಲಿಲ್ಲ. ಮಾರನೇ ದಿನದಿಂದ ಅವಳು ಸ್ನಾನಕ್ಕೆ ಹೋದಾಗ ಅವನು ಮಗುವನ್ನು ಎತ್ತಿಕೊಂಡು ಮನೆಯಿಂದ ಹೊರಗೆ ಹೋಗಿ ನಿಲ್ಲುತ್ತಿದ್ದ. ಮಗು ಮನೆಯಲ್ಲಿಲ್ಲ ಅಂತ ಗೊತ್ತಿದ್ದರೆ ಆ ಅಳು ಕೇಳಿಸುವುದು ನಿಲ್ಲಬಹುದು ಅಂತ. ಇದನ್ನು ಯಾವ ಪಟ್ಟಿಯಲ್ಲೂ ಬರೆಯಲು ಆಗುತ್ತಿರಲಿಲ್ಲ.

ಮೈಮುಟ್ಟುವ ವಿಷಯವನ್ನೂ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ. ದಿನವಿಡೀ ಮಗು ಮೈಗೆ ಅಂಟಿಕೊಂಡಿದ್ದವಳಿಗೆ ಸಂಜೆಯ ಹೊತ್ತಿಗೆ ಇನ್ನೊಂದು ಕೈ ಬೇಡವೆನಿಸುತ್ತದೆ. ದಿನವಿಡೀ ಯಾರೂ ಮುಟ್ಟದವನಿಗೆ ಅದೇ ಹೊತ್ತಿಗೆ ಒಂದು ಅಪ್ಪುಗೆ ಬೇಕೆನಿಸುತ್ತದೆ. ಅವಳು ಸರಿದರೆ ಅವನಿಗೆ ತನ್ನನ್ನೇ ದೂಡಿದ ಹಾಗೆ ಅನಿಸುತ್ತದೆ. ಹಾಲು ಕುಡಿಸುವ ತಿಂಗಳುಗಳಲ್ಲಿ ಈಸ್ಟ್ರೋಜನ್ ಕಡಿಮೆ ಇರುತ್ತದೆ, ಆಸೆ ಕುಗ್ಗಬಹುದು, ಒಣಗಿ ನೋವಾಗಬಹುದು. ಇದು ಮೈಯ ವಿಷಯ, ಅವನ ಬಗ್ಗೆ ಅವಳ ತೀರ್ಪು ಅಲ್ಲ. ಆರು ವಾರಕ್ಕೆ ವೈದ್ಯರು "ಎಲ್ಲಾ ಸರಿ ಇದೆ" ಅಂದರೆ ಗಾಯ ಮಾಗಿದೆ ಅಂತ ಅರ್ಥ. ಅವತ್ತೇ ಶುರು ಮಾಡಬೇಕು ಅಂತ ಅಲ್ಲ. ನೋವಿದ್ದರೆ ಸಹಿಸಿಕೊಳ್ಳಬೇಡಿ, ವೈದ್ಯರಿಗೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ. ಅಲ್ಲಿಯವರೆಗೆ ತುಂಬಾ ಜೋಡಿಗಳಿಗೆ ಕೆಲಸ ಮಾಡಿದ ಮಾತು ಒಂದಿದೆ: "ಬರೀ ಹೀಗೆ ಕೂತಿರೋಣ, ಮುಂದಕ್ಕೆ ಏನೂ ಇಲ್ಲ." ಮೊದಲೇ ಹೀಗೆ ಹೇಳಿದರೆ ಅವಳು ಸರಿಯಬೇಕಾಗಿಲ್ಲ, ಅವನು ಕೇಳಲು ಹಿಂಜರಿಯಬೇಕಾಗಿಲ್ಲ.

ಪಾಳಿಯಿಂದ ಸರಿಹೋಗದ ಸ್ಥಿತಿಗಳೂ ಇವೆ. ಹೆರಿಗೆಯಾದ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿಯೂ ಬೇಸರ ಇಳಿಯದಿದ್ದರೆ, ಮಗು ಮಲಗಿದ್ದು ಪಾಳಿಯೂ ತನ್ನದಲ್ಲದಾಗಲೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಖುಷಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು. 1987ರಲ್ಲಿ ಪ್ರಕಟವಾದ ಎಡಿನ್‌ಬರೋ ಮಾಪಕ ಅಂತ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, ವೈದ್ಯರು ಅದನ್ನು ಬಳಸುತ್ತಾರೆ. ಕೇಳಿ ತುಂಬಿಸಿ. ಅಪ್ಪಂದಿರಿಗೂ ಖಿನ್ನತೆ ಬರುತ್ತದೆ, ಅವರಲ್ಲಿ ಅದು ಹಲವು ಸಲ ಸಿಡುಕಿನ ರೂಪದಲ್ಲಿ, ಕೆಲಸದಲ್ಲೇ ಮುಳುಗಿರುವ ರೂಪದಲ್ಲಿ ಕಾಣುತ್ತದೆ. ತನಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಬಂದರೆ, ಇಲ್ಲದ್ದು ಕಾಣಿಸಿದರೆ, ಕೇಳಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೆದರಿ ಬದುಕುತ್ತಿದ್ದರೆ ನಾನು ಹೇಳಿದ ಹತ್ತು ನಿಮಿಷದ ಮಾತು ಯಾವ ಕೆಲಸಕ್ಕೂ ಬಾರದು. ಅಲ್ಲಿ ಮೊದಲು ಬೇಕಾದದ್ದು ಸುರಕ್ಷಿತ ಜಾಗ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ನಮ್ಮ ಮಗುವಿಗೆ ಆಗಲೇ ಐದು ತಿಂಗಳು. ಇಷ್ಟು ದಿನ ಎಲ್ಲಾ ನಾನೇ ಎದ್ದಿದ್ದೀನಿ. ಈಗ ಪಾಳಿ ಅಂದ್ರೆ ಹಳೆಯ ಲೆಕ್ಕ ಏನಾಗಬೇಕು?" ಒಳ್ಳೆಯ ಪ್ರಶ್ನೆ, ಅದನ್ನೂ ಇಲ್ಲಿ ಸೇರಿಸುತ್ತಿದ್ದೇನೆ. ಹಳೆಯ ಲೆಕ್ಕವನ್ನು ಮರೆತುಬಿಡಿ ಅಂತ ನಾನು ಹೇಳಲಿಲ್ಲ. ಐದು ತಿಂಗಳ ನಿದ್ದೆ ಕಳೆದುಕೊಂಡವರಿಗೆ ಹಾಗೆ ಹೇಳುವುದು ಸರಿಯಲ್ಲ. ಹಗಲು, ನಿದ್ದೆಯಾದ ಮೇಲೆ, ಒಂದೇ ಸಲ ಪೂರ್ತಿ ಹೇಳಿ ಅಂದೆ. "ನೀನು ಯಾವತ್ತೂ" ಅಂತ ಶುರು ಮಾಡದೆ, "ಆ ರಾತ್ರಿ ನನಗೆ ಹೀಗಾಯ್ತು" ಅಂತ. ಅವರು ಪೂರ್ತಿ ಕೇಳಲಿ, ಸಮರ್ಥನೆ ಕೊಡದೆ. ಅದಕ್ಕೂ ಮೊದಲು ಎರಡು ರಾತ್ರಿ ನಿಮಗೆ ಒಂಬತ್ತರಿಂದ ಒಂದೂವರೆಯವರೆಗಿನ ನಿದ್ದೆ ಸಿಗಲಿ. ಆ ಮಾತು ಆಮೇಲೆ.

ನಾನು ಹೇಳಿದ ಜೋಡಿ ನಾಲ್ಕನೇ ತಿಂಗಳಿಗೆ ಪುಸ್ತಕ ಬಿಟ್ಟರು, ಮಗು ರಾತ್ರಿ ಒಂದೇ ಸಲ ಏಳುತ್ತಿತ್ತು. ಕೊನೆಯ ಸಲ ಬಂದಾಗ ಅವಳು ಅದನ್ನು ಕೈಚೀಲದಲ್ಲಿ ತಂದಿದ್ದಳು. ಒಂದು ಪುಟ ತೆಗೆದು ತೋರಿಸಿದಳು, ಅವನ ಸೊಟ್ಟ ಅಕ್ಷರ: "11.40 ಬಾಟಲಿ, 90 ಮಿಲಿ. ಡೈಪರ್ 12.10. ತೇಗು ಬರಲು ತಡವಾಯ್ತು, ಈಗ ಸರಿ. ನಿನ್ನ ನೀರಿನ ಬಾಟಲಿ ತುಂಬಿಸಿ ಎಡಗಡೆ ಇಟ್ಟಿದ್ದೀನಿ. ನಿನ್ನೆ ನೀನು ನಕ್ಕಿದ್ದು ಬಹಳ ದಿನದ ಮೇಲೆ ಕೇಳಿಸ್ತು."